ಒಂದು ಉದ್ದದ ಸ್ಕ್ರಿಪ್ಟ್, ನಾಲ್ಕು ಸಣ್ಣ ಕ್ಲಿಪ್: ಚೆಕ್ ಪಾಠದ ಉದಾಹರಣೆ

ನಮ್ಮ ತರಗತಿಯಲ್ಲಿ ಈಗ ಹಲವರು ಪಾಠದ ವಿಡಿಯೋ ಮಾಡುತ್ತಿದ್ದಾರೆ. ಎಂಟು ಹತ್ತು ನಿಮಿಷದ ವಿಡಿಯೋ ಮಾಡಿ, ಅದನ್ನೇ ಒಂದೊಂದು ನಿಮಿಷಕ್ಕೆ ಕತ್ತರಿಸಿ ಸಣ್ಣ ಕ್ಲಿಪ್‌ಗಳಾಗಿ ಹಾಕುವುದು ಎಲ್ಲರ ರೂಢಿ. ಆದರೆ ಹಾಗೆ ಕತ್ತರಿಸಿದ ತುಂಡನ್ನು ನೋಡಿದವರಿಗೆ ಅರ್ಧ ವಿಷಯವೂ ಸಿಗುವುದಿಲ್ಲ. ಕೆಲವು ಸಲ ತಪ್ಪು ವಿಷಯವೇ ಸಿಗುತ್ತದೆ. ಉದ್ದದ ಸ್ಕ್ರಿಪ್ಟನ್ನು ಕ್ಲಿಪ್‌ಗಳಾಗಿ ವಿಂಗಡಿಸುವ ಕೆಲಸವನ್ನು ಎಡಿಟಿಂಗ್ ಮಾಡುವಾಗ ಅಲ್ಲ, ಕಾಗದದ ಮೇಲೆ, ಕ್ಯಾಮೆರಾ ಮುಟ್ಟುವ ಮೊದಲೇ ಮಾಡಬೇಕು. ಅದು ಹೇಗೆ ಎಂಬುದನ್ನು ನಾನು ಬರೆದ ಒಂದು ಸ್ಕ್ರಿಪ್ಟ್ ಇಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ. ವಿಷಯ ನಮ್ಮದೇ ಕಾಮರ್ಸ್ ವಿಷಯ: ಬ್ಯಾಂಕ್ ಚೆಕ್.

ಮೂಲ ಸ್ಕ್ರಿಪ್ಟ್ ಹೇಗಿತ್ತು?

ಸ್ಕ್ರಿಪ್ಟ್‌ನಲ್ಲಿ ಸುಮಾರು 800 ಪದಗಳಿದ್ದವು. ಗಡಿಯಾರ ಇಟ್ಟುಕೊಂಡು ಪಾಠ ಹೇಳುವ ವೇಗದಲ್ಲಿ ಓದಿದರೆ ನನಗೆ ನಿಮಿಷಕ್ಕೆ ಸುಮಾರು 100 ಪದ ಬರುತ್ತದೆ. ಹಾಗಾಗಿ ವಿಡಿಯೋ ಎಂಟು ನಿಮಿಷ. ಪ್ರತಿಯೊಬ್ಬರ ವೇಗ ಬೇರೆ ಇರುತ್ತದೆ. ನಿಮ್ಮ ವೇಗವನ್ನು ಒಮ್ಮೆ ಅಳೆದುಕೊಂಡರೆ ಮುಂದೆ ಕ್ಲಿಪ್‌ನ ಉದ್ದವನ್ನು ಪದ ಎಣಿಸಿಯೇ ಹೇಳಬಹುದು. 45 ಸೆಕೆಂಡಿನ ಕ್ಲಿಪ್ ಎಂದರೆ ನನಗೆ 75 ಪದ.

ಸ್ಕ್ರಿಪ್ಟ್‌ನ ಉದ್ದಕ್ಕೂ ಒಂದೇ ಕಥೆ ಇತ್ತು. ಒಬ್ಬ ಹೋಟೆಲ್ ಮಾಲೀಕರು ಅಕ್ಕಿ ಅಂಗಡಿಯವರಿಗೆ 40,000 ರೂಪಾಯಿಯ ಚೆಕ್ ಕೊಡುತ್ತಾರೆ. ಮೊದಲ ಭಾಗದಲ್ಲಿ ಚೆಕ್ ಎಂದರೇನು, ಅದರಲ್ಲಿ ಬರೆಯುವವರು, ಬ್ಯಾಂಕ್, ಹಣ ಪಡೆಯುವವರು ಎಂಬ ಮೂವರು ಯಾರು ಎಂಬ ವಿವರಣೆ. ಎರಡನೆಯ ಭಾಗದಲ್ಲಿ ಚೆಕ್ಕಿನ ಮೇಲೆ ಗೆರೆ ಎಳೆಯುವುದು, ಅಂದರೆ ಕ್ರಾಸಿಂಗ್. ಮೂರನೆಯದರಲ್ಲಿ ದಿನಾಂಕ. ನಾಲ್ಕನೆಯದರಲ್ಲಿ ಚೆಕ್ ಬೌನ್ಸ್. ಕೊನೆಗೆ ಎಲ್ಲದರ ಸಾರಾಂಶ.

ಇದನ್ನು ನಿಮಿಷಕ್ಕೊಂದರಂತೆ ಕತ್ತರಿಸಿದರೆ ಎಂಟು ಕ್ಲಿಪ್ ಆಗುತ್ತಿತ್ತು. ಅವುಗಳಲ್ಲಿ ಒಂದಾದರೂ ತಾನೇ ನಿಲ್ಲುತ್ತಿರಲಿಲ್ಲ. ಕಾರಣ ನಮ್ಮ ಲೆಕ್ಕಶಾಸ್ತ್ರದ ಮಾತಿನಲ್ಲೇ ಹೇಳಬಹುದು. ಉದ್ದದ ವಿಡಿಯೋದಲ್ಲಿ ಪ್ರತಿ ಭಾಗವೂ ಹಿಂದಿನ ಭಾಗದ ಶಿಲ್ಕನ್ನು ಮುಂದಕ್ಕೆ ತರುತ್ತದೆ. ಮೂರನೇ ನಿಮಿಷದಲ್ಲಿರುವ ಪ್ರೇಕ್ಷಕರಿಗೆ ಹೋಟೆಲ್ ಮಾಲೀಕರು ಗೊತ್ತು, ಚೆಕ್ಕಿನ ಮೊತ್ತ ಗೊತ್ತು, ಕ್ರಾಸಿಂಗ್ ಎಂದರೇನೆಂದು ಗೊತ್ತು. ಕ್ಲಿಪ್ ನೋಡುವವರ ಆರಂಭಿಕ ಶಿಲ್ಕು ಸೊನ್ನೆ. ಆ ಸೊನ್ನೆಯಿಂದ ಶುರು ಮಾಡಿ, ಅದೇ ಕ್ಲಿಪ್‌ನಲ್ಲಿ ಲೆಕ್ಕ ಮುಗಿಸಬೇಕು.

ಮೊದಲ ಹಂತ: ಸಮಯ ಬಿಡಿ, ಪ್ರಶ್ನೆ ಹುಡುಕಿ

ಸ್ಕ್ರಿಪ್ಟನ್ನು ಪ್ರಿಂಟ್ ತೆಗೆದು ಎಡಗಡೆ ಅಂಚಿನಲ್ಲಿ ಬರೆಯುತ್ತಾ ಹೋಗಿ: ಈ ಪ್ಯಾರಾ ಯಾವ ಪ್ರಶ್ನೆಗೆ ಉತ್ತರ? ಪ್ರಶ್ನೆ ಪುಸ್ತಕದ್ದಾಗಿರಬಾರದು, ಅಂಗಡಿಯಲ್ಲೋ ಮನೆಯಲ್ಲೋ ಯಾರಾದರೂ ನಿಜವಾಗಿ ಕೇಳುವಂಥದ್ದಾಗಿರಬೇಕು. ನನ್ನ ಸ್ಕ್ರಿಪ್ಟ್‌ನ ಅಂಚಿನಲ್ಲಿ ಇವು ಬಂದವು. ಚೆಕ್ ದಾರಿಯಲ್ಲಿ ಕಳೆದುಹೋದರೆ ಸಿಕ್ಕವರು ಹಣ ತೆಗೆಯಬಹುದೇ? ಹಳೆಯ ದಿನಾಂಕದ ಚೆಕ್ ನಡೆಯುತ್ತದೆಯೇ? ಚೆಕ್ ವಾಪಸ್ ಬಂದರೆ ಏನು ಮಾಡಬೇಕು?

ಮೊದಲ ಭಾಗದ ಎದುರಿಗೆ ಮಾತ್ರ ಅಂಥ ಪ್ರಶ್ನೆ ಯಾವುದೂ ಹುಟ್ಟಲಿಲ್ಲ. ‘ಚೆಕ್ ಎಂದರೇನು’ ಎಂದು ಪರೀಕ್ಷೆಯ ಹೊರಗೆ ಯಾರೂ ಕೇಳುವುದಿಲ್ಲ. ಹಾಗಾಗಿ ಆ ಭಾಗ ಕ್ಲಿಪ್ ಆಗಲಿಲ್ಲ. ಅದರೊಳಗಿನ ಒಂದೆರಡು ಮಾತುಗಳು ಬೇಕಾದ ಕಡೆ ಉಳಿದ ಕ್ಲಿಪ್‌ಗಳ ಒಳಗೆ ಸೇರಿದವು. ಸಾರಾಂಶದ ಭಾಗವನ್ನೂ ಬಿಟ್ಟೆ, ಏಕೆಂದರೆ ಹಿಂದಿನದನ್ನು ಕೇಳದವರಿಗೆ ಸಾರಾಂಶ ಬರೀ ಪಟ್ಟಿ. ಉದ್ದದ ಸ್ಕ್ರಿಪ್ಟ್‌ನ ಎಲ್ಲ ಭಾಗವೂ ಕ್ಲಿಪ್ ಆಗಲೇಬೇಕು ಎಂಬ ನಿಯಮವಿಲ್ಲ.

ಎರಡನೇ ಹಂತ: ಒರಗಿ ನಿಂತ ಪದಗಳನ್ನು ಗುರುತಿಸಿ

ಇನ್ನು ದಿನಾಂಕದ ಭಾಗವನ್ನು ನೋಡೋಣ. ಮೂಲ ಸ್ಕ್ರಿಪ್ಟ್‌ನಲ್ಲಿ ಹೀಗಿತ್ತು:

“ಸರಿ, ಗೆರೆ ಎಳೆಯುವುದು ಎಂದರೇನು ಎಂದು ನೋಡಿದೆವು. ಈಗ ದಿನಾಂಕಕ್ಕೆ ಬರೋಣ. ಚೆಕ್ಕಿನ ಬಲಗಡೆ ಮೇಲ್ಭಾಗದಲ್ಲಿ ದಿನಾಂಕ ಬರೆಯುವ ಜಾಗ ಇರುತ್ತದೆ. ಮೊದಲು ಚೆಕ್ಕಿಗೆ ಆರು ತಿಂಗಳ ಅವಧಿ ಇತ್ತು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2012ರ ಏಪ್ರಿಲ್ 1ರಿಂದ ಅದು ಮೂರು ತಿಂಗಳಾಯಿತು. ಹಾಗಾಗಿ ನಮ್ಮ ಅಂಗಡಿಯವರು ಆ ಚೆಕ್ಕನ್ನು ಅಕ್ಟೋಬರ್‌ನಲ್ಲಿ ತೆಗೆದುಕೊಂಡು ಹೋದಾಗ ಬ್ಯಾಂಕಿನವರು ಹಿಂದಿರುಗಿಸಿದರು. ಬನ್ನಿ, ಇನ್ನು ಬೌನ್ಸ್ ಬಗ್ಗೆ ತಿಳಿಯೋಣ.”

ಉದ್ದದ ಪಾಠದಲ್ಲಿ ಇದರಲ್ಲಿ ಯಾವ ದೋಷವೂ ಇಲ್ಲ. ಆದರೆ ಕ್ಲಿಪ್ ಮಾಡುವಾಗ ಕೆಂಪು ಪೆನ್ನಿನಿಂದ ಅಡಿಗೆರೆ ಹಾಕಬೇಕಾದವು ಬಹಳ ಇವೆ. ‘ನೋಡಿದೆವು’ ಎಂಬುದು ಹಿಂದಿನ ಭಾಗದ ಮೇಲೆ ಒರಗಿದೆ. ‘ನಮ್ಮ ಅಂಗಡಿಯವರು’, ‘ಆ ಚೆಕ್ಕು’ ಎಂಬುವು ಮೊದಲ ನಿಮಿಷದ ಕಥೆಯ ಮೇಲೆ ಒರಗಿವೆ. ‘ಅಕ್ಟೋಬರ್‌ನಲ್ಲಿ’ ಎಂಬುದಕ್ಕೆ ಅರ್ಥ ಬರಬೇಕಾದರೆ ಚೆಕ್ಕಿನ ಮೇಲೆ ಜೂನ್ 10 ಎಂದು ಬರೆದಿತ್ತು ಎಂದು ಗೊತ್ತಿರಬೇಕು. ಅದನ್ನು ಹೇಳಿದ್ದು ಎರಡು ನಿಮಿಷ ಹಿಂದೆ. ‘ಬನ್ನಿ, ಇನ್ನು’ ಎಂಬುದು ಮುಂದಿನ ಭಾಗದ ಮೇಲೆ ಒರಗಿದೆ.

ಕನ್ನಡದಲ್ಲಿ ಇಂಥ ಪದಗಳು ಸಣ್ಣವಾಗಿರುವುದರಿಂದ ಕಣ್ಣು ತಪ್ಪಿಸುತ್ತವೆ. ಆ, ಈ, ಅದು, ಅವರು, ಹಾಗಾಗಿ, ಆಗಲೇ, ಇನ್ನು, ಕೂಡ. ‘ಬ್ಯಾಂಕ್ ಕೂಡ ನಿರಾಕರಿಸಬಹುದು’ ಎಂದರೆ ಕೇಳುವವರ ಮನಸ್ಸಿನಲ್ಲಿ ‘ಇನ್ನು ಯಾರು ನಿರಾಕರಿಸಿದರು’ ಎಂಬ ಪ್ರಶ್ನೆ ಏಳುತ್ತದೆ. ಪ್ರತಿ ಪದಕ್ಕೂ ಒಂದೇ ಪರೀಕ್ಷೆ: ಇದು ಯಾವುದನ್ನು ತೋರಿಸುತ್ತದೋ ಅದು ಇದೇ ಕ್ಲಿಪ್‌ನ ಒಳಗೆ ಇದೆಯೇ? ಇದ್ದರೆ ಇರಲಿ. ಇಲ್ಲದಿದ್ದರೆ ಆ ವಸ್ತುವನ್ನೇ ಹೆಸರಿಸಿ, ಅಥವಾ ವಾಕ್ಯವನ್ನು ತೆಗೆಯಿರಿ.

ಮೂರನೇ ಹಂತ: ಆರಂಭ ಮತ್ತು ಅಂತ್ಯ ಹೊಸದಾಗಿ ಬರೆಯಿರಿ

ಉದ್ದದ ಪಾಠದಲ್ಲಿ ನಾವು ಮೊದಲು ಹಿನ್ನೆಲೆ, ಆಮೇಲೆ ನಿಯಮ, ಕೊನೆಗೆ ಉದಾಹರಣೆ ಹೇಳುತ್ತೇವೆ. ಕ್ಲಿಪ್‌ನಲ್ಲಿ ಉದಾಹರಣೆಯೇ ಮೊದಲು ಬರಬೇಕು. ಏಕೆಂದರೆ ನೋಡುವವರಿಗೆ ಇದು ತನ್ನ ವಿಷಯವೋ ಅಲ್ಲವೋ ಎಂದು ತಿಳಿಯುವುದು ಉದಾಹರಣೆಯಿಂದ. ನಮಸ್ಕಾರ, ಹೆಸರು, ಕಾಲೇಜಿನ ಪರಿಚಯ ಇವನ್ನು ಉದ್ದದ ವಿಡಿಯೋಗೆ ಬಿಡಿ. ದಿನಾಂಕದ ಕ್ಲಿಪ್ ಕೊನೆಗೆ ಹೀಗಾಯಿತು:

“ಚೆಕ್ಕಿನ ಮೇಲೆ ಜೂನ್ 10 ಎಂದು ಬರೆದಿದೆ. ಅದು ನಿಮ್ಮ ಕೈಗೆ ಬಂದದ್ದು ಆಗಸ್ಟ್ 20ಕ್ಕೆ. ಬ್ಯಾಂಕಿಗೆ ಹಾಕಲು ಇನ್ನೂ ಮೂರು ತಿಂಗಳು ಸಮಯ ಇದೆಯೇ? ಇಲ್ಲ. ಚೆಕ್ಕಿನ ಅವಧಿ ಮೂರು ತಿಂಗಳು ನಿಜ, ಆದರೆ ಎಣಿಕೆ ಶುರುವಾಗುವುದು ಅದರ ಮೇಲೆ ಬರೆದ ದಿನಾಂಕದಿಂದ. ಜೂನ್ 10ರ ಚೆಕ್ಕನ್ನು ಸೆಪ್ಟೆಂಬರ್ ಮೊದಲ ವಾರದೊಳಗೆ ಹಾಕಿಬಿಡಿ. ಅಕ್ಟೋಬರ್‌ನಲ್ಲಿ ತೆಗೆದುಕೊಂಡು ಹೋದರೆ ಬ್ಯಾಂಕ್ ಹಿಂದಿರುಗಿಸುತ್ತದೆ. ಹಿಂದಿರುಗಿಸಿದ ಮಾತ್ರಕ್ಕೆ ನಿಮಗೆ ಬರಬೇಕಾದ ಬಾಕಿ ತೀರಿತು ಎಂದಲ್ಲ, ಕೊಟ್ಟವರಿಂದ ಹೊಸ ಚೆಕ್ ಕೇಳಿ. ಚೆಕ್ ಕೈಗೆ ಬಂದ ಕೂಡಲೇ ಮೊದಲು ದಿನಾಂಕ ನೋಡಿ.”

ಇದರಲ್ಲಿ ಹೋಟೆಲ್ ಮಾಲೀಕರು ಇಲ್ಲ, 40,000 ರೂಪಾಯಿ ಇಲ್ಲ, 2012ರ ಬದಲಾವಣೆಯೂ ಇಲ್ಲ. ಈ ಪ್ರಶ್ನೆಗೆ ಅವು ಬೇಕಾಗಿರಲಿಲ್ಲ. ಮೂಲದಲ್ಲಿ ಇಲ್ಲದ ಎರಡು ಮಾತು ಸೇರಿವೆ: ಎಣಿಕೆ ಯಾವ ದಿನದಿಂದ ಎಂಬುದು, ಬಾಕಿ ತೀರುವುದಿಲ್ಲ ಎಂಬುದು. ಉದ್ದದ ಪಾಠದಲ್ಲಿ ಇವು ಬೇರೆ ಭಾಗಗಳಲ್ಲಿ ಬಂದಿದ್ದವು. ಕ್ಲಿಪ್‌ನಲ್ಲಿ ಇವಿಲ್ಲದಿದ್ದರೆ ಉತ್ತರ ಪೂರ್ತಿಯಾಗುವುದಿಲ್ಲ.

ಅಂತ್ಯವನ್ನು ಪರೀಕ್ಷಿಸುವ ಬಗೆ ಸುಲಭ. ಮೊದಲ ಪ್ರಶ್ನೆಯನ್ನೂ ಕೊನೆಯ ವಾಕ್ಯವನ್ನೂ ಮಾತ್ರ ಒಟ್ಟಿಗೆ ಓದಿ. ‘ಸಮಯ ಇದೆಯೇ?’ ಎಂಬುದಕ್ಕೆ ‘ಮೊದಲು ದಿನಾಂಕ ನೋಡಿ’ ಎಂಬುದು ಸರಿಯಾಗಿ ಹೊಂದುತ್ತದೆ. ಮುಂದಿನ ಭಾಗದಲ್ಲಿ ಹೇಳುತ್ತೇನೆ ಎಂದು ಮುಗಿಸಿದರೆ ಅದು ಅಂತ್ಯವಲ್ಲ, ಶಿಲ್ಕನ್ನು ಮುಂದಕ್ಕೆ ದೂಡಿದಂತೆ. ನೋಡುವವರಿಗೆ ಆ ಮುಂದಿನ ಭಾಗ ಎಂದೂ ಸಿಗದೇ ಇರಬಹುದು. ಇನ್ನೊಂದು ವಿಷಯ: ಸಣ್ಣ ಕ್ಲಿಪ್ ಮುಗಿದ ಕೂಡಲೇ ಫೋನಿನಲ್ಲಿ ಮತ್ತೆ ಮೊದಲಿನಿಂದ ಓಡುತ್ತದೆ. ಕೊನೆಯಲ್ಲಿ ‘ಧನ್ಯವಾದ, ಮತ್ತೆ ಸಿಗೋಣ’ ಎಂದಿದ್ದರೆ ಆ ಮರು ಓಟ ವಿಚಿತ್ರವಾಗಿ ಕೇಳುತ್ತದೆ. ಉತ್ತರ ಹೇಳಿ ಅಲ್ಲಿಗೇ ನಿಲ್ಲಿಸಿದರೆ ಸಾಕು.

ನಾಲ್ಕನೇ ಹಂತ: ‘ಆದರೆ’ಯನ್ನು ಬಿಟ್ಟು ಬರಬೇಡಿ

ಇಡೀ ಕೆಲಸದಲ್ಲಿ ಹೆಚ್ಚು ಜಾಗ್ರತೆ ಬೇಕಾದದ್ದು ಇಲ್ಲಿ. ಚೆಕ್ ಬೌನ್ಸ್ ಭಾಗದಲ್ಲಿ ಐದನೇ ನಿಮಿಷಕ್ಕೆ ಒಂದು ವಾಕ್ಯ ಇತ್ತು: “ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬೌನ್ಸ್ ಆದರೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ ಆಗಬಹುದು.” ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ, 1881ರ ಸೆಕ್ಷನ್ 138ರಲ್ಲಿ ಈ ಶಿಕ್ಷೆ ಇರುವುದು ನಿಜ. ಕಿವಿಗೆ ಬಲವಾಗಿ ಬೀಳುವ ವಾಕ್ಯ. ಕ್ಲಿಪ್‌ಗೆ ಇದನ್ನೇ ಆರಿಸಲು ಯಾರಿಗಾದರೂ ಮನಸ್ಸಾಗುತ್ತದೆ.

ಆದರೆ ಇದಕ್ಕೆ ಸೇರಿದ ಷರತ್ತುಗಳು ಸ್ಕ್ರಿಪ್ಟ್‌ನಲ್ಲಿ ಏಳನೇ ನಿಮಿಷದಲ್ಲಿ ಇದ್ದವು. ಚೆಕ್ ಕೊಟ್ಟದ್ದು ಕಾನೂನಿನಂತೆ ಸಲ್ಲಬೇಕಾದ ಸಾಲ ಅಥವಾ ಬಾಕಿಗಾಗಿ ಆಗಿರಬೇಕು. ಉಡುಗೊರೆಯಾಗಿ ಕೊಟ್ಟ ಚೆಕ್ಕಿಗೆ ಇದು ಅನ್ವಯಿಸುವುದಿಲ್ಲ. ಚೆಕ್ ವಾಪಸ್ ಬಂದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ, ಹಣ ಬರಬೇಕಾದವರು ಕೊಟ್ಟವರಿಗೆ ಲಿಖಿತ ನೋಟಿಸ್ ಕಳುಹಿಸಬೇಕು. ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು 15 ದಿನ ಇರುತ್ತದೆ. ಆ 15 ದಿನದಲ್ಲೂ ಕಟ್ಟದಿದ್ದರೆ ಮಾತ್ರ ಅದು ಅಪರಾಧವಾಗುತ್ತದೆ. ಆಮೇಲೆ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಕೊಡಬೇಕು.

ಐದನೇ ನಿಮಿಷವನ್ನು ಮಾತ್ರ ಕತ್ತರಿಸಿ ಹಾಕಿದರೆ ಏನಾಗುತ್ತದೆ ಎಂದು ಯೋಚಿಸಿ. ಒಬ್ಬ ಸಣ್ಣ ಅಂಗಡಿಯವರ ಖಾತೆಯಲ್ಲಿ ಅಂದು ಸ್ವಲ್ಪ ಹಣ ಕಡಿಮೆ ಬಿದ್ದು ಚೆಕ್ ವಾಪಸಾಗಿದೆ. ಕ್ಲಿಪ್ ನೋಡಿ ಅವರು ತಾನಾಗಲೇ ಅಪರಾಧಿ ಎಂದು ಹೆದರುತ್ತಾರೆ. ಯಾರೋ ಬಂದು ‘ಇಂದೇ ಜೈಲು’ ಎಂದು ಬೆದರಿಸಿದರೆ ನಂಬುತ್ತಾರೆ. ಇನ್ನೊಂದು ಕಡೆ, ಹಣ ಬರಬೇಕಾದವರು ‘ಕಾನೂನು ನಮ್ಮ ಕಡೆ ಇದೆ’ ಎಂದು ಧೈರ್ಯವಾಗಿ ಕುಳಿತು 30 ದಿನ ದಾಟಿಸುತ್ತಾರೆ. ವಾಕ್ಯದಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ, ಆದರೂ ಇಬ್ಬರಿಗೂ ನಷ್ಟ.

ಆದ್ದರಿಂದ ಬಲವಾದ ಪ್ರತಿ ವಾಕ್ಯಕ್ಕೂ ಸ್ಕ್ರಿಪ್ಟ್‌ನಲ್ಲಿ ಅದರ ‘ಆದರೆ’, ‘ಮಾತ್ರ’, ‘ಒಳಗೆ’, ‘ವರೆಗೆ’ ಎಲ್ಲಿದೆ ಎಂದು ಹುಡುಕಿ, ಎರಡಕ್ಕೂ ಒಂದೇ ಸಂಖ್ಯೆ ಹಾಕಿ. ಒಂದೇ ಸಂಖ್ಯೆಯ ವಾಕ್ಯಗಳು ಒಂದೇ ಕ್ಲಿಪ್‌ನಲ್ಲಿ ಹೋಗಬೇಕು. ಜಾಗ ಸಾಲದಿದ್ದರೆ ಬಲವಾದ ವಾಕ್ಯವನ್ನು ಬಿಡಬೇಕೇ ಹೊರತು ಷರತ್ತನ್ನಲ್ಲ.

ನನಗೆ ಇಲ್ಲಿ ಜಾಗ ಸಾಲಲಿಲ್ಲ. ಎಲ್ಲ ಷರತ್ತು ಸೇರಿಸಿದರೆ ಕ್ಲಿಪ್ ಎರಡು ನಿಮಿಷ ದಾಟುತ್ತಿತ್ತು. ಆಗ ಕಂಡದ್ದೇನೆಂದರೆ, ಇಲ್ಲಿ ಪ್ರಶ್ನೆ ಒಂದಲ್ಲ, ಎರಡು. ಚೆಕ್ ಪಡೆದವರ ಪ್ರಶ್ನೆ ಬೇರೆ, ಕೊಟ್ಟವರ ಪ್ರಶ್ನೆ ಬೇರೆ. ಷರತ್ತುಗಳೂ ಹಾಗೆಯೇ ಇಬ್ಬರಿಗೆ ಹಂಚಿಹೋಗುತ್ತವೆ. 30 ದಿನ ಪಡೆದವರದ್ದು, 15 ದಿನ ಕೊಟ್ಟವರದ್ದು. ಪಡೆದವರ ಕ್ಲಿಪ್ ಹೀಗಿದೆ:

“ನಿಮಗೆ ಬರಬೇಕಾದ ಬಾಕಿಗೆ ಚೆಕ್ ಕೊಟ್ಟರು. ಖಾತೆಯಲ್ಲಿ ಹಣವಿಲ್ಲ ಎಂದು ಬ್ಯಾಂಕ್ ಅದನ್ನು ಹಿಂದಿರುಗಿಸಿತು. ಈಗ ಎಷ್ಟು ದಿನ ಕಾಯಬಹುದು? ಬ್ಯಾಂಕಿನಿಂದ ಮಾಹಿತಿ ಸಿಕ್ಕ ದಿನವನ್ನು ಬರೆದಿಟ್ಟುಕೊಳ್ಳಿ. ಅಲ್ಲಿಂದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಕಳುಹಿಸಬೇಕು. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ ಸಮಯ ಇರುತ್ತದೆ. ಆಗಲೂ ಕಟ್ಟದಿದ್ದರೆ, ಆ 15 ದಿನ ಮುಗಿದ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಕೊಡಬಹುದು. ಬಾಯಿಮಾತಿನಲ್ಲಿ ಎಷ್ಟು ಸಲ ಕೇಳಿದರೂ ಅದು ನೋಟಿಸ್ ಆಗುವುದಿಲ್ಲ. ಚೆಕ್ ವಾಪಸ್ ಬಂದರೆ ನಿಮ್ಮ ಕೈಯಲ್ಲಿರುವುದು 30 ದಿನ.”

ಕೊಟ್ಟವರ ಕ್ಲಿಪ್ ಬೇರೆ ಕಡೆಯಿಂದ ಶುರುವಾಗುತ್ತದೆ: “ನೀವು ಕೊಟ್ಟ ಚೆಕ್ ಬೌನ್ಸ್ ಆಗಿ ಮನೆಗೆ ನೋಟಿಸ್ ಬಂದಿದೆ. ಈಗಲೇ ಜೈಲೇ?” ಅದರ ಅಂತ್ಯ: “ನೋಟಿಸ್ ಕೈಗೆ ಬಂದ ದಿನದಿಂದ 15 ದಿನದೊಳಗೆ ಪೂರ್ತಿ ಹಣ ಕಟ್ಟಿ, ರಸೀದಿ ಇಟ್ಟುಕೊಳ್ಳಿ.” ಎರಡು ವರ್ಷದ ಶಿಕ್ಷೆಯ ಮಾತು ಈ ಕ್ಲಿಪ್‌ನಲ್ಲಿ ಬಂತು, 15 ದಿನ ದಾಟಿಸಿದರೆ ಏನಾಗಬಹುದು ಎಂದು ಹೇಳುವ ಜಾಗದಲ್ಲಿ. ಅಲ್ಲಿ ಅದು ತನ್ನ ಷರತ್ತಿನ ಪಕ್ಕದಲ್ಲೇ ಇದೆ.

ಕ್ರಾಸಿಂಗ್ ಕ್ಲಿಪ್‌ಗೂ ಇದೇ ನಿಯಮ. ‘ಎರಡು ಗೆರೆ ಎಳೆದರೆ ಚೆಕ್ ಸುರಕ್ಷಿತ’ ಎಂಬುದು ಅರ್ಧ ಮಾತು. ಬರೀ ಎರಡು ಗೆರೆ ಎಳೆದರೆ ಕೌಂಟರಿನಲ್ಲಿ ನಗದು ಸಿಗುವುದಿಲ್ಲ, ಬ್ಯಾಂಕ್ ಖಾತೆಯ ಮೂಲಕವೇ ಹೋಗಬೇಕು. ಗೆರೆಗಳ ನಡುವೆ ‘ಅಕೌಂಟ್ ಪೇಯಿ’ ಎಂದೂ ಬರೆದರೆ, ಚೆಕ್ಕಿನಲ್ಲಿ ಹೆಸರಿರುವವರ ಖಾತೆಗೇ ಹೋಗಬೇಕು. ಕಳೆದುಹೋದ ಚೆಕ್ಕಿನ ಪ್ರಶ್ನೆಗೆ ಈ ಎರಡನೆಯ ಮಾತಿಲ್ಲದೆ ಉತ್ತರವಿಲ್ಲ.

ಚಿತ್ರೀಕರಣಕ್ಕೆ ಮುನ್ನ

ಹೀಗೆ ಬರೆದ ನಾಲ್ಕು ಕ್ಲಿಪ್‌ಗಳ ಆರಂಭ ಮತ್ತು ಅಂತ್ಯದ ವಾಕ್ಯಗಳು ಉದ್ದದ ಸ್ಕ್ರಿಪ್ಟ್‌ನಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಅವನ್ನು ಉದ್ದದ ವಿಡಿಯೋ ಮಾಡುವ ದಿನವೇ, ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಬೇರೆಯಾಗಿ ಹೇಳಿ ರೆಕಾರ್ಡ್ ಮಾಡಿಕೊಳ್ಳಬೇಕು. ಉದ್ದದ ವಿಡಿಯೋದ ನಡುವಿನ ವಾಕ್ಯವನ್ನು ಕತ್ತರಿಸಿ ಆರಂಭ ಮಾಡಿದರೆ ಕೇಳಿದ ತಕ್ಷಣ ಗೊತ್ತಾಗುತ್ತದೆ, ಏಕೆಂದರೆ ದನಿ ಅಲ್ಲಿ ಹಿಂದಿನ ವಾಕ್ಯದ ಏರಿಳಿತದಲ್ಲೇ ಇರುತ್ತದೆ. ಕ್ಲಿಪ್ ಉದ್ದನೆಯ ಪರದೆಗೆ ಮಾಡುವುದು, ಚೆಕ್ಕು ಅಗಲವಾದದ್ದು. ಇಡೀ ಚೆಕ್ಕನ್ನು ತೋರಿಸಿದರೆ ಅಕ್ಷರ ಕಾಣುವುದಿಲ್ಲ. ದಿನಾಂಕದ ಕ್ಲಿಪ್‌ಗೆ ಬಲ ಮೂಲೆ ಮಾತ್ರ, ಕ್ರಾಸಿಂಗ್‌ಗೆ ಎಡ ಮೂಲೆ ಮಾತ್ರ ಹತ್ತಿರದಿಂದ ತೋರಿಸಿ. ಖಾತೆ ಸಂಖ್ಯೆ ಮತ್ತು ಸಹಿಯ ಜಾಗ ಹೀಗೆಯೇ ಹೊರಗುಳಿಯುತ್ತದೆ.

ಕೊನೆಯ ಪರೀಕ್ಷೆಗೆ ಉದ್ದದ ಪಾಠ ಕೇಳದ ಒಬ್ಬರು ಬೇಕು. ನಮ್ಮ ಮನೆಯಲ್ಲಿ ಮಾತು ಉರ್ದು. ಹೊಲಿಗೆ ಕೆಲಸ ಮಾಡುವ ನನ್ನ ಖಾಲಾಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಕಾಮರ್ಸ್ ಗೊತ್ತಿಲ್ಲ. ಅವರಿಗೆ ನಾಲ್ಕು ಕ್ಲಿಪ್‌ಗಳನ್ನು ಕ್ರಮ ತಪ್ಪಿಸಿ ಓದಿ ಹೇಳಿದೆ, ಕೊನೆಯದನ್ನು ಮೊದಲು. ಪ್ರತಿಯೊಂದರ ನಂತರ ಎರಡೇ ಪ್ರಶ್ನೆ ಕೇಳಿದೆ: ಇದು ಯಾರಿಗೆ ಹೇಳಿದ್ದು? ಅವರು ಏನು ಮಾಡಬೇಕು? ಪಡೆದವರ ಕ್ಲಿಪ್ ಕೇಳಿ ಅವರು “ಮೂವತ್ತು ದಿನದೊಳಗೆ ಬರೆದು ಕಳಿಸಬೇಕು” ಎಂದರು. ಆಮೇಲೆ ತಾವೇ ಕೇಳಿದರು, “ಆ ನೋಟಿಸ್ ವಕೀಲರೇ ಬರೆಯಬೇಕಾ, ನಾವೇ ಬರೆದರೆ ಆಗುತ್ತಾ?”

ಕೇಳುವವರ ಪ್ರಶ್ನೆಯಲ್ಲಿ ಎರಡು ಬಗೆ. ‘ಯಾವ ಚೆಕ್?’ ಎಂದರೆ ಕ್ಲಿಪ್‌ನಲ್ಲಿ ಇನ್ನೂ ಎಲ್ಲೋ ಒಂದು ಪದ ಹೊರಗೆ ಒರಗಿದೆ, ಹೋಗಿ ಸರಿಪಡಿಸಬೇಕು. ಖಾಲಾ ಕೇಳಿದಂಥದ್ದಾದರೆ ಕ್ಲಿಪ್ ತನ್ನ ಲೆಕ್ಕ ಮುಗಿಸಿದೆ, ಕೇಳಿದವರು ಅಲ್ಲಿಂದ ಮುಂದೆ ಹೋಗಿದ್ದಾರೆ. ಹಣ ಬರಬೇಕಾದವರು ನೋಟಿಸನ್ನು ತಾವೇ ಬರೆಯಬಹುದು, ವಕೀಲರ ಮೂಲಕವೂ ಕಳುಹಿಸಬಹುದು. ಅದು ಉದ್ದದ ಸ್ಕ್ರಿಪ್ಟ್‌ನಲ್ಲೇ ಇರಲಿಲ್ಲ, ಈಗ ಐದನೇ ಕ್ಲಿಪ್ ಆಗಿ ಬರೆಯುತ್ತಿದ್ದೇನೆ.

ಹೀಗೆ ವಿಂಗಡಿಸಲು ಆಗದ ಪಾಠಗಳೂ ಇವೆ. ಬ್ಯಾಂಕ್ ಸಮನ್ವಯ ಪಟ್ಟಿಯಲ್ಲಿ ಪ್ರತಿ ಸಾಲಿನ ಮೊತ್ತವೂ ಮೇಲಿನ ಸಾಲಿನ ಮೇಲೆಯೇ ನಿಂತಿರುತ್ತದೆ. ನಾಲ್ಕನೇ ಸಾಲನ್ನು ಮಾತ್ರ ತೋರಿಸಬೇಕಾದರೆ ಮೊದಲ ಮೂರನ್ನೂ ಹೇಳಲೇಬೇಕು. ಒಂದು ಭಾಗದ ಆರಂಭ ಬರೆಯಲು ಕುಳಿತಾಗ ಹಿನ್ನೆಲೆಗೇ ಅರ್ಧ ಕ್ಲಿಪ್ ಖರ್ಚಾದರೆ, ಅದು ಉದ್ದದ ವಿಡಿಯೋದಲ್ಲೇ ಇರಬೇಕಾದ ಭಾಗ ಎಂದು ತಿಳಿದು ಅಲ್ಲೇ ಬಿಡಿ.